ಮಗಳ ಪರವಾಗಿ ಹೇಳಿದ ‘ಬೇಡ’

ಆ ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಆಕೆಗೆ ‘ಇನ್ನೊಂದ್ಸಲ ಅಕ್ಕ’ ಅಂತ ಹೆಸರು ಬಿದ್ದು ಯಾವ ಕಾಲವಾಯಿತೋ. ಹೊಸದಾಗಿ ಸೇರಿದ ಹುಡುಗರು ಪುಡಿ ತೂಗುತ್ತಿದ್ದರೆ ಹಿಂದಿನಿಂದ ಬಂದು ನಿಲ್ಲುತ್ತಾಳೆ. “ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿದ್ಯಾ? ಇನ್ನೊಂದ್ಸಲ ನೋಡು.” ಅವರು ನೋಡುತ್ತಾರೆ, ಮುಚ್ಚಿರುವುದಿಲ್ಲ. ಬೈದುಕೊಳ್ಳುತ್ತಾರೆ, ಆದರೆ ಒಳಗೊಳಗೇ. ಯಾಕಂದರೆ ಆಕೆ ನೋಡಿದ ಮಾತ್ರೆ ಹೊರಗೆ ಹೋಗಿ ವಾಪಸ್ಸು ಬಂದ ಉದಾಹರಣೆ ಇಲ್ಲ.

ಇಂಥ ಹೆಂಗಸಿಗೆ ಒಬ್ಬಳೇ ಮಗಳು. ಆ ಮಗಳು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದಳು. ಕೂತಿದ್ದಳು ಅನ್ನೋದೇನು ಬಂತು, ಅವಳನ್ನು ಕೂರಲು ಬಿಟ್ಟಿದ್ದರೆ ತಾನೇ! ಒಂದೇ ವಾರದಲ್ಲಿ ಎರಡು ಬಾಗಿಲು ತೆರೆದಿದ್ದವು. ಕಾಲೇಜಿಗೆ ಬಂದು ಸಂದರ್ಶನ ಮಾಡಿ ಹೋದವರು ಕೆಲಸ ಕೊಟ್ಟಿದ್ದರು. ಅದೂ ತಾಯಿ ದುಡಿಯುವ ಕಾರ್ಖಾನೆಯಲ್ಲೇ. ತಾಯಿಯದು ತಯಾರಾದ ಮಾತ್ರೆಗಳ ಪರೀಕ್ಷೆ, ಮಗಳನ್ನು ಹಾಕಿದ್ದು ಕಚ್ಚಾ ಪುಡಿಗಳ ಪರೀಕ್ಷೆಗೆ. ಹತ್ತಿರದ ಸಂಬಂಧಿಕರು ಒಬ್ಬರ ಲೆಕ್ಕಕ್ಕೆ ಇನ್ನೊಬ್ಬರು ಸಹಿ ಹಾಕಬಾರದು ಅಂತ ಅಲ್ಲಿನ ಕಟ್ಟುನಿಟ್ಟು. ಕೆಲಸ ಬೇಕೋ ಬೇಡವೋ ಅನ್ನುವುದನ್ನು ಶನಿವಾರ ಮಧ್ಯಾಹ್ನ ಆಫೀಸು ಮುಚ್ಚುವುದರೊಳಗೆ ತಿಳಿಸಬೇಕು. ಇನ್ನೊಂದು ಕಡೆ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಎಂ.ಎಸ್ಸಿ. ಸೀಟು ಬಂದಿತ್ತು. ಅದನ್ನು ಅದೇ ಶನಿವಾರ ಸಂಜೆ ಐದರೊಳಗೆ ಖಚಿತ ಮಾಡದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತೆ. ಎರಡನ್ನೂ ಹಿಡಿದುಕೊಂಡು ಎರಡು ದೋಣಿಯಲ್ಲಿ ಕಾಲಿಡೋಣ ಅಂದರೆ, ಎರಡೂ ಕಡೆಯವರು ಸೋಮವಾರ ಬೆಳಿಗ್ಗೆಯೇ ಮೂಲ ಅಂಕಪಟ್ಟಿ ತಗೊಂಡು ಎದುರಿಗೆ ಬಂದು ನಿಲ್ಲು ಅಂತಿದ್ದಾರೆ.

ತಾಯಿಗೆ ಇದರಲ್ಲಿ ಯೋಚನೆ ಮಾಡುವಂಥದ್ದೇ ಕಾಣಲಿಲ್ಲ. ಓದಬೇಕು, ಅಷ್ಟೇ.

“ನಾನೂ ಬಿ.ಎಸ್ಸಿ. ಮುಗಿಸಿ ಒಂದೇ ವರ್ಷ ಅಂತ ಸೇರಿದ್ದೆ ಕಣೇ,” ಅಂದಳು ಮೊದಲ ದಿನ. “ಆ ವರ್ಷ ಇನ್ನೂ ಮುಗಿದಿಲ್ಲ.”

ಅದು ನಗೆಯ ಮಾತಲ್ಲ. ಆ ಲ್ಯಾಬಿನಲ್ಲಿ ಪರೀಕ್ಷೆ ಮಾಡುವವರು ಬೇರೆ, ಲೆಕ್ಕ ಮರುನೋಡುವವರು ಬೇರೆ, ಕೊನೆಗೆ ‘ಸರಿ ಇದೆ, ಮಾರಬಹುದು’ ಅಂತ ಸಹಿ ಹಾಕುವವರು ಬೇರೆ. ಆ ಕೊನೇ ಸಹಿಗೆ ಅಲ್ಲಿ ಎಂ.ಎಸ್ಸಿ. ಬೇಕು. ಈಕೆ ಕೈ ಹಿಡಿದು ತೂಗೋದು ಕಲಿಸಿದ ಹುಡುಗರು ಒಬ್ಬೊಬ್ಬರಾಗಿ ಆ ಕುರ್ಚಿಗೆ ಹೋದರು. ಈಗ ಅಲ್ಲಿ ಕೂತಿರುವವನು ಒಳ್ಳೆಯವನೇ, ‘ಅಕ್ಕ, ಅಕ್ಕ’ ಅನ್ನುತ್ತಾನೆ. ಆದರೆ ಈಕೆ ಮಾಡಿದ ಕೆಲಸದ ಕೆಳಗೆ ಅವನ ಸಹಿ ಬೀಳುವವರೆಗೂ ಈಕೆಯ ಮಾತ್ರೆ ಬಾಗಿಲು ದಾಟುವುದಿಲ್ಲ. ದಿನಾ ಅವನ ಬಾಗಿಲ ಹತ್ತಿರ ಕಾಯುವಾಗ ಹೊಟ್ಟೆ ಉರಿಯುತ್ತಿತ್ತು, ಯಾಕೆ ಸುಳ್ಳು ಹೇಳಬೇಕು. ಮಗಳು ಆ ಬಾಗಿಲಲ್ಲಿ ನಿಲ್ಲುವುದನ್ನು ನೋಡುವುದು ಈಕೆಯಿಂದ ಆಗದ ಮಾತು.

ಮಗಳ ವಾದವೂ ಬಾಯಿಬಡಿಕತನದ್ದಲ್ಲ. “ಅಮ್ಮ, ವಿಶ್ವವಿದ್ಯಾಲಯದವರು ಕೊಟ್ಟಿರೋದು ಸಾವಯವ ರಸಾಯನ. ನನಗೆ ಇಷ್ಟ ಇರೋದು ವಿಶ್ಲೇಷಣೆ, ನೀನು ಮಾಡ್ತೀಯಲ್ಲ ಅಂಥದ್ದು. ಅಥವಾ ಇಷ್ಟ ಅಂದ್ಕೊಂಡಿದೀನಿ. ಕಾಲೇಜಲ್ಲಿ ಮಾಡಿದ್ದು ನಾಲ್ಕು ಪ್ರಯೋಗ. ಒಂದಷ್ಟು ದಿನ ಕೆಲಸ ಮಾಡಿದ್ರೆ ಯಾವುದು ಓದಬೇಕು ಅಂತ ಗೊತ್ತಾಗುತ್ತೆ. ಗೊತ್ತಿಲ್ದೇ ಎರಡು ವರ್ಷ ಹಾಕಿ ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರ್ಲಾ?”

“ಒಂದಷ್ಟು ದಿನ ಅಂತೆ! ಸಂಬಳದ ರುಚಿ ಹತ್ತಿದ ಮೇಲೆ ಪುಸ್ತಕ ಹಿಡಿದವರನ್ನ ನನಗೆ ತೋರಿಸು. ಇನ್ನೊಂದ್ಸಲ ಯೋಚನೆ ಮಾಡು.”

ಮಗಳು ಯೋಚಿಸಿದಳು. ಮರುದಿನವೂ ಅದನ್ನೇ ಹೇಳಿದಳು. ತಾಯಿ ಮತ್ತೆ ಇನ್ನೊಂದ್ಸಲ ಅಂದಳು. ಊಟಕ್ಕೆ ಕೂತಾಗ, ಬಟ್ಟೆ ಮಡಿಸುವಾಗ, ಮಗಳು ಸ್ನಾನದ ಮನೆಯಲ್ಲಿದ್ದರೆ ಬಾಗಿಲ ಹೊರಗೆ ನಿಂತು ಕೂಡ. ಬುಧವಾರ ಮಗಳು ತಟ್ಟೆ ಬದಿಗೆ ಸರಿಸಿ ಕೇಳಿದಳು.

“ಅಮ್ಮ, ನಿಮ್ಮ ಲ್ಯಾಬಲ್ಲಿ ಯಾರಾದ್ರೂ ಬೇಕಾದ ಉತ್ತರ ಬರೋವರೆಗೂ ಮತ್ತೆ ಮತ್ತೆ ಪರೀಕ್ಷೆ ಮಾಡಿದ್ರೆ ಅದನ್ನ ಏನಂತೀರಿ?”

ಅದನ್ನು ಮೋಸ ಅನ್ನುತ್ತಾರೆ. ಹಾಗೆ ಮಾಡಿದ ಒಬ್ಬ ಹುಡುಗನನ್ನು ತಾಯಿಯೇ ಹಿಡಿದುಕೊಟ್ಟಿದ್ದಳು.

ಅಪ್ಪ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ಮನೆಯಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತಿರುವಾಗ ನಡುವೆ ಕೂತು ನೆಮ್ಮದಿಯಾಗಿ ಉಣ್ಣುವ ಪ್ರಾಣಿ. ಅವನು ಅಂದ: “ನೋಡೇ, ಕಲಿಸೋ ಕಾರಲ್ಲಿ ಪಕ್ಕದ ಸೀಟಿಗೂ ಬ್ರೇಕ್ ಕೊಟ್ಟಿರ್ತಾರೆ. ಸ್ಟೀರಿಂಗ್ ಕೊಟ್ಟಿರಲ್ಲ. ನೀನು ಸ್ಟೀರಿಂಗಿಗೆ ಕೈ ಹಾಕ್ತಿದೀಯ.”

“ನಿಮಗೇನು, ಗಂಟೆಗೊಬ್ಬರು ಇಳ್ಕೊಂಡು ಹೋಗ್ತಾರೆ. ಇವಳು ನನ್ನ ಮಗಳು,” ಅಂದಳು. ಅವನು ಸಾರು ಬಡಿಸಿಕೊಂಡ.

ಗುರುವಾರ ಆಕೆ ಸ್ಟೀರಿಂಗಿಗೇ ಕೈ ಹಾಕಿದಳು.

ಊಟದ ವಿರಾಮದಲ್ಲಿ ಎಚ್.ಆರ್. ಮ್ಯಾನೇಜರ ಕೋಣೆಗೆ ಹೋದಳು. ಆತ ಹಳಬ, ಆಕೆಯ ಮಾತಿಗೆ ಬೆಲೆ ಕೊಡುವವನು. ಸುಮ್ಮನೆ, ಮಗಳ ಜಾಗವನ್ನು ಒಂದೆರಡು ವರ್ಷ ಕಾದಿರಿಸಬಹುದೇ ಅಂತ ಕೇಳಲು ಹೋದದ್ದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಷ್ಟೇ ಆಸೆ. ಆತ ತಲೆಯಾಡಿಸಿದ.

“ಹಾಗೆ ಕಾದಿಡೋಕಾಗಲ್ಲ ಅಕ್ಕ. ಓದು ಮುಗಿಸಿ ಬಂದ್ರೆ ಮತ್ತೆ ಸಂದರ್ಶನ ಕೊಡ್ಲಿ, ಸಂತೋಷ. ಈಗ ಬರ್ತಾಳಾ, ಬರಲ್ವಾ?”

ಬರಲ್ಲ ಅಂತ ಬಾಯಿಂದ ಬಂದೇಬಿಟ್ಟಿತು. ಬಂದ ಮೇಲಾದರೂ ತಡೆಯಬಹುದಿತ್ತು. ತಡೆಯಲಿಲ್ಲ. “ಓದೋಕೆ ಹೋಗ್ತಾಳೆ. ನೀವು ಬೇರೆಯವರನ್ನ ನೋಡ್ಕೊಳ್ಳಿ,” ಅಂತ ಮೇಲೊಂದು ಸೇರಿಸಿದಳು.

“ಅವಳೇ ಒಂದು ಮಾತು ಬರೆದು ಕಳಿಸ್ಬೇಕಿತ್ತು. ಇರ್ಲಿ, ನೀವೇ ಹೇಳ್ತಿದೀರಲ್ಲ,” ಅಂದ ಆತ, ಕಂಪ್ಯೂಟರಿನಲ್ಲಿ ಏನೋ ಒತ್ತಿದ. ಒಂದು ಮಾತ್ರೆಯನ್ನು ಮೂರು ಜನ ನೋಡುವ ಕಾರ್ಖಾನೆಯಲ್ಲಿ ಒಂದು ಹುಡುಗಿಯ ಬದುಕಿನ ಮಾತನ್ನು ಎರಡನೆಯವರು ಯಾರೂ ನೋಡಲಿಲ್ಲ.

ಶುಕ್ರವಾರ ಸಂಜೆ ಮಗಳು ತಾರಸಿಗೆ ಹೋಗಿ ಯಾರ ಜೊತೆಗೋ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದಳು. ಕೆಳಗೆ ಬಂದಾಗ ಮುಖ ಹಗುರವಾಗಿತ್ತು. “ನಾಳೆ ಹೇಳ್ತೀನಿ,” ಅಂದಳಷ್ಟೇ. ಕೆಲಸಕ್ಕೆ ಸೇರುವುದು ಅಂತ ಗಟ್ಟಿ ಮಾಡಿಕೊಂಡಿದ್ದಾಳೆ, ಅದಕ್ಕೇ ಈ ಕಳೆ ಅಂದುಕೊಂಡಳು ತಾಯಿ. ಈಗ ಹೇಳಿಬಿಡಲೇ ಅಂತ ಎರಡು ಸಲ ಅವಳ ಕೋಣೆಯ ಬಾಗಿಲಿಗೆ ಹೋಗಿ, ಎರಡು ಸಲವೂ ದೀಪ ಆರಿಸು ಅಂತ ಹೇಳಿ ಬಂದಳು.

ಶನಿವಾರ ತಾಯಿಗೆ ವಾರದ ರಜೆ. ಕಾಫಿ ಸೋಸುತ್ತಿದ್ದಾಗ ಮಗಳು ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದಳು.

“ಅಮ್ಮ, ಇದೇನಿದು? ಕಾರ್ಖಾನೆ ಪೇಜ್ ತೆಗೆದ್ರೆ ‘ನೀವು ಈ ಕೆಲಸವನ್ನು ನಿರಾಕರಿಸಿದ್ದೀರಿ’ ಅಂತ ಬರ್ತಿದೆ. ನಾನು ಇನ್ನೂ ಏನೂ ಒತ್ತೇ ಇಲ್ಲ.”

“ಏನೋ ತಪ್ಪಾಗಿರ್ಬೇಕು. ಕಂಪ್ಯೂಟರ್ ತಾನೇ,” ಅಂದಳು ತಾಯಿ. ಕಾಫಿ ಲೋಟದ ಹೊರಗೆ ಬಿತ್ತು.

“ಫೋನ್ ಮಾಡಿದ್ರೆ ಯಾರೂ ಎತ್ತುತ್ತಿಲ್ಲ. ನಾನೇ ಹೋಗಿ ಕೇಳ್ತೀನಿ.”

“ಬಿಡೇ, ಹೇಗೂ...”

“ಹೇಗೂ ಏನು?”

ಮಗಳ ಕಣ್ಣು ತನ್ನ ಮುಖದ ಮೇಲೆ ನಿಂತದ್ದು ನೋಡಿ ತಾಯಿ ಒಲೆ ಆರಿಸಿದಳು. “ಇರು, ನಾನೂ ಬರ್ತೀನಿ,” ಅಂದಳು.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಮಗಳು ಕಿಟಕಿಯ ಕಡೆ. ತಾಯಿ ಮನಸ್ಸಿನಲ್ಲೇ ಮಾತು ಜೋಡಿಸಿದಳು: ಪುಟ್ಟಾ, ನಾನು ಸುಮ್ನೆ ವಿಚಾರಿಸೋಕೆ ಹೋಗಿದ್ದೆ. ಇಲ್ಲ, ಇದು ಸುಳ್ಳು. ಪುಟ್ಟಾ, ನಿನ್ನ ಒಳ್ಳೇದಕ್ಕೇ. ಇದು ಇನ್ನೂ ಹಳಸಿದ್ದು. ಸುಮ್ಮನೆ ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಲ್ಲ ಅಂತ ಒಂದು ಕೆಟ್ಟ ಯೋಚನೆಯೂ ಬಂತು. ಮ್ಯಾನೇಜರ್ ಬೇರೆಯವರನ್ನು ಕರೆದುಬಿಟ್ಟಿದ್ದರೆ, ಆಫೀಸು ಮುಚ್ಚಿದ್ದರೆ, ಮಗಳಿಗೆ ಉಳಿಯುವುದು ಸೀಟು ಒಂದೇ. ಎರಡು ವರ್ಷ ಕಳೆದ ಮೇಲೆ ಅವಳೇ ನಗುತ್ತಾಳೆ. ಬಸ್ಸು ಕೆಟ್ಟು ನಿಲ್ಲಲಿ ಅಂತ ಕೂಡ ಬೇಡಿಕೊಂಡಳು. ಬಸ್ಸುಗಳು ಬೇಡಿಕೊಂಡಾಗ ಕೆಡುವುದಿಲ್ಲ.

ಕಾರ್ಖಾನೆಯ ಗೇಟಿನ ಪಕ್ಕ ಹೊರಗಿನವರು ಕಾಯುವ ಕೋಣೆ. ಪ್ಲಾಸ್ಟಿಕ್ ಕುರ್ಚಿಗಳು, ಕೈ ತೊಳೆಯುವ ಕ್ರಮದ ಚಿತ್ರಪಟ, ತಿರುಗದ ಫ್ಯಾನು. ಕಾವಲಿನವನು ಒಳಗೆ ಫೋನು ಮಾಡಿ, “ಕೂತ್ಕೊಳ್ಳಿ ಅಕ್ಕ, ಸಾಹೇಬ್ರು ಕರೀತಾರೆ,” ಅಂದ. ಆಕೆಯನ್ನು ಯಾವತ್ತೂ ಆ ಕೋಣೆಯಲ್ಲಿ ಕೂರಿಸಿರಲಿಲ್ಲ.

“ಪುಟ್ಟಾ.”

“ಹೂಂ.”

“ಅದು ಕಂಪ್ಯೂಟರ್ ತಪ್ಪಲ್ಲ. ನಾನೇ ಹೇಳಿದ್ದು. ಗುರುವಾರ. ನೀನು ಬರಲ್ಲ ಅಂತ ಹೇಳ್ಬಿಟ್ಟೆ.”

ಮಗಳು ಅತ್ತಿದ್ದರೆ, ಕೂಗಿದ್ದರೆ ತಾಯಿ ಸಮಾಧಾನ ಮಾಡುತ್ತಿದ್ದಳು, ಅದು ಗೊತ್ತಿರುವ ಕೆಲಸ. ಮಗಳು ಚಿತ್ರಪಟದಲ್ಲಿ ಕೈ ತೊಳೆಯುವುದನ್ನೇ ನೋಡುತ್ತಿದ್ದಳು.

“ನಿನಗೆ ಕೆಲಸ ಬೇಕಿದ್ರೆ ನಾನೇ ಒಳಗೆ ಹೋಗಿ ನಂದೇ ತಪ್ಪು ಅಂತ ಹೇಳ್ತೀನಿ,” ಅಂದಳು ತಾಯಿ. “ಕಾಲು ಬೇಕಾದ್ರೂ ಹಿಡೀತೀನಿ.”

“ನೀನು ಇನ್ನು ನನ್ನ ಪರವಾಗಿ ಏನೂ ಹೇಳ್ಬೇಡ.”

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಎಚ್.ಆರ್. ಮ್ಯಾನೇಜರ್ ಇಬ್ಬರ ಮುಖ ನೋಡಿದ್ದೇ ನಗುವನ್ನು ಅರ್ಧಕ್ಕೆ ನಿಲ್ಲಿಸಿದ. ಮಗಳು ನಿಂತೇ ಹೇಳಿದಳು. “ಸರ್, ನಾನು ಈ ಕೆಲಸ ಬೇಡ ಅಂತ ಯಾರಿಗೂ ಹೇಳಿಲ್ಲ.”

ಆತ ತಾಯಿಯ ಕಡೆ ತಿರುಗಿದ. ಆಕೆ ನೆಲ ನೋಡುತ್ತಿದ್ದಳು. ಆತನಿಗೆ ಅರ್ಥವಾಯಿತು. ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ.

“ತಪ್ಪು ನಂದೂ ಇದೆಯಮ್ಮ. ನಿನ್ನನ್ನೇ ಕೇಳ್ಬೇಕಿತ್ತು. ಮುಂದಿನವರಿಗೆ ಇನ್ನೂ ಫೋನ್ ಮಾಡಿಲ್ಲ, ಸೋಮವಾರ ಮಾಡೋಣ ಅಂತಿದ್ದೆ. ಜಾಗ ಹಾಗೇ ಇದೆ. ಈಗ ನೀನೇ ಹೇಳು. ಬೇಕಾ, ಬೇಡ್ವಾ?”

ಮಗಳು ಉತ್ತರ ಕೊಡಲು ಬಹಳ ತಡ ಮಾಡಿದಳು. ಕೆಲಸಕ್ಕೆ ಹಾರಿಕೊಂಡು ಬಂದವಳು ಹೀಗೆ ತಡ ಮಾಡುತ್ತಾಳೆಯೇ ಅಂತ ತಾಯಿಗೆ ಒಂದು ಕ್ಷಣ ಅನ್ನಿಸಿತು. ಆಮೇಲೆ ಮಗಳು ಒಂದು ಸಲ ತಾಯಿಯ ಕಡೆ ನೋಡಿದಳು.

“ಬೇಕು,” ಅಂದಳು.

ಆತ ಒಪ್ಪಿಗೆ ಪತ್ರ ಮುಂದಿಟ್ಟ. ಸಹಿ ಆಯಿತು.

ಹೊರಗೆ ಬಸ್ಸಿಗೆ ಕಾಯುವಾಗ ಬಿಸಿಲು ನೆತ್ತಿ ಸುಡುತ್ತಿತ್ತು. ತಂಗುದಾಣದ ತಗಡಿನ ಕೆಳಗೆ ಇಬ್ಬರೇ. ಹೇಗೂ ಅವಳ ಇಷ್ಟವೇ ನಡೆಯಿತಲ್ಲ, ಇನ್ನಾದರೂ ಮಾತಾಡಿಯಾಳು ಅಂತ ತಾಯಿ ಕಾದಳು.

“ಅಮ್ಮ, ನಾನು ಇವತ್ತು ಆ ಪೇಜ್ ಯಾಕೆ ತೆಗೆದೆ ಗೊತ್ತಾ?” ಅಂದಳು ಮಗಳು. “ಬೇಡ ಅನ್ನೋಕೆ.”

ತಾಯಿಯ ತಲೆಗೆ ಮಾತು ಹೋಗಲಿಲ್ಲ.

“ನಿನ್ನೆ ಸಂಜೆ ವಿಶ್ವವಿದ್ಯಾಲಯದ ಮೇಡಂ ಜೊತೆ ಮಾತಾಡಿದೆ. ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠವಂತೆ. ಎರಡನೇ ವರ್ಷದಲ್ಲಿ ಅಂಕ ನೋಡಿ ವಿಭಾಗ ಬದಲಾಯಿಸೋಕೆ ಬಿಡ್ತಾರಂತೆ, ವಿಶ್ಲೇಷಣೆಗೆ ಹೋಗ್ಬಹುದು. ಅಲ್ಲಿಗೆ ನನ್ನ ಭಯ ಹೋಯ್ತು. ಓದೋಣ ಅಂತಲೇ ತೀರ್ಮಾನ ಮಾಡಿದ್ದೆ. ಇಲ್ಲಿಗೆ ಮರ್ಯಾದೆಯಾಗಿ ‘ಈಗ ಆಗಲ್ಲ, ಮುಂದೆ ಬರ್ತೀನಿ’ ಅಂತ ಬರೆದು, ನಿನಗೆ ಕಾಫಿ ಕುಡಿಯೋವಾಗ ಹೇಳೋಣ ಅಂತಿದ್ದೆ.”

“ಮತ್ತೆ ಯಾಕೆ ಬೇಕು ಅಂದೆ?”

“ಬೇಡ ಅಂದಿದ್ರೆ ಅದು ನೀನು ಹೇಳಿದ ಬೇಡ ಆಗ್ತಿತ್ತು. ನಂದು ಎಲ್ಲಿರ್ತಿತ್ತು?”

ತಾಯಿ ಮಗಳ ಕೈ ಹಿಡಿದುಕೊಂಡಳು. “ನನ್ನ ಮೇಲಿನ ಸಿಟ್ಟಿಗೆ ಮೂಗು ಕುಯ್ಕೋಬೇಡ ಕಣೇ. ಐದು ಗಂಟೆವರೆಗೂ ಸಮಯ ಇದೆ. ವಾಪಸ್ ಒಳಗೆ ಹೋಗಿ ಹೇಳು, ಅವರು ಬೇಜಾರು ಮಾಡ್ಕೊಳ್ಳಲ್ಲ. ಮುಂದಿನವರನ್ನ ಕರೆಯೋಕೆ ಇನ್ನೂ...”

“ನೋಡು, ಮತ್ತೆ ಶುರು ಮಾಡಿದೆ.”

ಮಗಳು ಕೈ ಬಿಡಿಸಿಕೊಂಡಳು. ಸಿಟ್ಟಿನಿಂದ ಕೂಡ ಅಲ್ಲ, ಮೆಲ್ಲಗೆ. ಅದೇ ತಾಯಿಯನ್ನು ಹೆಚ್ಚು ನೋಯಿಸಿತು.

ಮನೆಗೆ ಬಂದ ಮೇಲೆ ವಿಷಯ ಕೇಳಿ ಅಪ್ಪ ಊಟದ ಮಧ್ಯೆ ಕೈ ತೊಳೆದ. ಹೆಂಡತಿಯನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಇದ್ದಬದ್ದ ತಮಾಷೆಯನ್ನೆಲ್ಲ ಬದಿಗಿಟ್ಟು ಹೇಳಿದ. “ಈಗ ಅವಳ ತಲೆ ಕುದೀತಿದೆ. ಇಳಿಯುತ್ತೆ. ಫೀಸಿನ ದುಡ್ಡು ಅವಳ ಖಾತೇಲೇ ಇದೆ. ಯಾರೂ ಏನೂ ಹೇಳದಿದ್ರೆ ಅವಳಾಗೇ ಸೀಟು ಖಚಿತ ಮಾಡ್ತಾಳೆ. ನೀನು ಐದರವರೆಗೆ ಬಾಯಿಗೆ ಬೀಗ ಹಾಕು. ಒಂದು ಮಾತು ಆಡ್ಬೇಡ. ನಿನ್ನ ದಮ್ಮಯ್ಯ.”

“ಆಡಲ್ಲ,” ಅಂದಳು. ಆಡಬಾರದು ಅಂತ ಅವಳಿಗೂ ಗೊತ್ತಿತ್ತು. ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಯಾವುದೂ ಗೊತ್ತಿರಲಿಲ್ಲ.

ಬೀಗ ಹಾಕಿಕೊಂಡು ಅಡುಗೆಮನೆಯ ಕಪಾಟಿನ ಡಬ್ಬಗಳನ್ನೆಲ್ಲ ಕೆಳಗಿಳಿಸಿ ಒರೆಸಿದಳು. ಒರೆಸಿದ್ದನ್ನೇ ಒರೆಸಿದಳು. ಮಗಳ ಕೋಣೆಯಿಂದ ಸದ್ದಿಲ್ಲ. ನಾಲ್ಕು ಆಯಿತು, ನಾಲ್ಕೂವರೆ ಆಯಿತು. ಆಗ ಕೋಣೆಯಲ್ಲಿ ಕುರ್ಚಿ ಎಳೆದ ಸದ್ದಾಯಿತು. ಗಂಡ ಹಾಲ್‌ನಿಂದಲೇ ಕಣ್ಣಿನಲ್ಲಿ ಹೇಳಿದ: ಸುಮ್ನಿರು.

ಸುಮ್ಮನೇ ಇದ್ದಳು. ಕಾಲು ಮಾತ್ರ ಸುಮ್ಮನಿರಲಿಲ್ಲ. ನೀರು ಕೊಡುವ ನೆಪ ಹಿಡಿದು ಬಾಗಿಲವರೆಗೆ ಹೋದಳು. ಮಗಳು ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಪರದೆಯ ಮೇಲೆ ವಿಶ್ವವಿದ್ಯಾಲಯದ ಪುಟ. ಹೆಸರು, ವಿಷಯ, ಕೆಳಗೆ ಹಸಿರು ಬಣ್ಣದಲ್ಲಿ ‘ಸೀಟು ಖಚಿತಪಡಿಸಿ’. ಬಾಣದ ಗುರುತು ಆ ಹಸಿರಿನ ಮೇಲೇ ಇತ್ತು. ಮಗಳ ಕಣ್ಣು ಕೆಂಪಗಾಗಿತ್ತು, ಕೈ ಮೌಸಿನ ಮೇಲಿತ್ತು. ಒತ್ತುವುದೊಂದೇ ಬಾಕಿ. ಬೆರಳು ಕೆಳಗಿಳಿಯಲಿಲ್ಲ. ತಾಯಿಗೆ ಲ್ಯಾಬಿನ ಆ ಬಾಗಿಲು ಕಂಡಿತು, ಒಳಗಿನ ಕುರ್ಚಿ ಕಂಡಿತು, ಎಷ್ಟೋ ವರ್ಷ ನಿಂತು ನೋಯುತ್ತಿದ್ದ ತನ್ನ ಕಾಲು ನೆನಪಾಯಿತು. ಇಷ್ಟು ಹತ್ತಿರ. ಒಂದು ಬೆರಳಿನಷ್ಟು ದೂರ.

“ಒತ್ತು, ಪುಟ್ಟಾ,” ಅಂದುಬಿಟ್ಟಳು.

ಮಗಳ ಬೆನ್ನು ನೆಟ್ಟಗಾಯಿತು. ಹಿಂದಿರುಗಿ ನೋಡಲಿಲ್ಲ. ಮೌಸಿನ ಮೇಲಿನ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದಳು.

ಹಾಲ್‌ನಲ್ಲಿ ಗಂಡ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬಯ್ದಿದ್ದರೆ ಚೆನ್ನಾಗಿತ್ತು. ತಾಯಿ ನೀರಿನ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ತನ್ನ ನಾಲಿಗೆಯನ್ನು ತಾನೇ ಕಿತ್ತು ಹಾಕಬೇಕು ಅನ್ನಿಸಿತು. ಮಗಳು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಗಡಿಯಾರದ ಮುಳ್ಳು ಐದರ ಮೇಲೆ ಬಂತು, ಐದನ್ನು ದಾಟಿತು. ಎಲ್ಲೋ ಪಟ್ಟಿಯಲ್ಲಿ ಮುಂದಿನವರ ಮನೆಯಲ್ಲಿ ಫೋನು ಕುಣಿದಿರಬೇಕು.

ಸಂಜೆ ದೀಪ ಹಾಕುವ ಹೊತ್ತಿಗೆ ಮಗಳು ಎದ್ದು ಅಡುಗೆಮನೆಗೆ ಬಂದಳು. ಮುಖ ತೊಳೆದಿದ್ದಳು. ತಾಯಿ ತರಕಾರಿ ಹೆಚ್ಚುತ್ತಿದ್ದಳು, ಯಾವುದಕ್ಕೆ ಅಂತ ಅವಳಿಗೇ ಗೊತ್ತಿರಲಿಲ್ಲ.

“ಸೋಮವಾರ ಕಾರ್ಖಾನೆ ಬಸ್ಸು ಎಷ್ಟು ಗಂಟೆಗೆ?”

“ಏಳೂಕಾಲಿಗೆ. ಮೂಲೆ ಅಂಗಡಿ ಹತ್ರ ನಿಲ್ಲುತ್ತೆ.” ಜೊತೆಗೆ ಹೋಗೋಣ ಅನ್ನಲು ಬಾಯಿ ತೆರೆದಳು, ಮುಚ್ಚಿದಳು. ಈಗ ಮುಚ್ಚಲು ಬಂತು.

“ಅದರ ಹಿಂದೆ ಇನ್ನೊಂದು ಬಸ್ಸು ಇದೆಯಾ?” ಅಂತ ಕೇಳಿದಳು ಮಗಳು.

“ಇದೆ.”

“ಹಾಗಿದ್ರೆ ನೀನು ಅದಕ್ಕೆ ಬಾ.”